ಎರಡು ಚೀಟಿ, ಒಂದು ಸಂಬಳ: ಬಳ್ಳಾರಿಯ ಮನೆಯೊಂದರ ಲೆಕ್ಕ

ಬಳ್ಳಾರಿಯ ಗಾಂಧಿನಗರದ ಈ ಮನೆಗೆ ತಿಂಗಳಿಗೆ 72,000 ರೂಪಾಯಿ ಬರುತ್ತದೆ. ಗಂಡ ಸರ್ಕಾರಿ ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕ. ಎನ್‌ಪಿಎಸ್, ಕೆಜಿಐಡಿ ಎಂಬ ಪಿಂಚಣಿ, ವಿಮೆಯ ಕಂತುಗಳೆಲ್ಲ ಕಡಿತವಾಗಿ 57,000 ಕೈಗೆ ಸಿಗುತ್ತದೆ. ಹೆಂಡತಿ ಖಾಸಗಿ ಶಾಲೆಯ ಶಿಕ್ಷಕಿ, ಸಂಬಳ 15,000. ಮಗಳು ನಾಲ್ಕನೇ ತರಗತಿ. ಬಾಡಿಗೆ, ದಿನಸಿ, ಶಾಲೆಯ ಶುಲ್ಕ, ಊರಲ್ಲಿರುವ ಅತ್ತೆಯ ಔಷಧಿ ಎಲ್ಲ ಕಳೆದು 20,000 ಉಳಿಯುತ್ತದೆ. ಆ ಇಪ್ಪತ್ತು ಸಾವಿರವೂ ಎರಡು ಚೀಟಿಗಳಿಗೆ ಹೋಗುತ್ತಿತ್ತು. ಬ್ಯಾಂಕ್ ಖಾತೆಯಲ್ಲಿ ಸಂಬಳದ ಹಿಂದಿನ ದಿನ ಮೂರು ನಾಲ್ಕು ಸಾವಿರ ಇದ್ದರೆ ಹೆಚ್ಚು.

ಅವರು ನನ್ನ ಬಳಿ ಬಂದದ್ದು ಗಂಡನ ಸಹೋದ್ಯೋಗಿಯೊಬ್ಬರ ಮಾತಿನಿಂದ. "ಚೀಟಿ ಎಲ್ಲ ಹಳೆಯ ಕಾಲದವರಿಗೆ, ಪೂರ್ತಿ ಎಸ್‌ಐಪಿಗೆ ಹಾಕಿ" ಎಂದು, ಅಂದರೆ ಮ್ಯೂಚುವಲ್ ಫಂಡಿಗೆ ತಿಂಗಳ ಕಂತು ಕಟ್ಟಿ ಎಂದು, ಅವರು ಹೇಳಿದ್ದರಂತೆ. ಹೆಂಡತಿಗೆ ಅದು ಒಪ್ಪಿಗೆಯಿರಲಿಲ್ಲ. "ಸರ್, ಚೀಟಿಯಲ್ಲಿ ನಾವು ಇದುವರೆಗೆ ಒಂದು ರೂಪಾಯಿಯನ್ನೂ ಕಳೆದುಕೊಂಡಿಲ್ಲ" ಎಂದರು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತನಾದ ಮೇಲೆ ಇಂಥ ಲೆಕ್ಕ ನೋಡಿಕೊಡುವುದು ನನಗೆ ಅಭ್ಯಾಸವಾಗಿದೆ. ಮೊದಲು ಕೇಳಿದ್ದು ಚೀಟಿ ಪುಸ್ತಕಗಳನ್ನು. ಒಂದಕ್ಕೆ ಪುಸ್ತಕವಿತ್ತು. ಇನ್ನೊಂದಕ್ಕೆ ವಾಟ್ಸ್ಆ್ಯಪ್ ಗುಂಪು ಮಾತ್ರ ಇತ್ತು.

ಪುಸ್ತಕವಿದ್ದ ಚೀಟಿ

ಇದು ನೋಂದಾಯಿತ ಕಂಪನಿಯ ಚೀಟಿ. ಸದಸ್ಯರು 25, ತಿಂಗಳಿಗೆ 10,000, ಒಟ್ಟು ಮೊತ್ತ ಎರಡೂವರೆ ಲಕ್ಷ, ಅವಧಿ 25 ತಿಂಗಳು. ಮೊದಲ ತಿಂಗಳ ಹಣ ಕಂಪನಿಯದೇ. ಚೀಟಿ ನಡೆಸುವವನು ತಾನೂ ಒಂದು ಟಿಕೆಟ್ ಹಿಡಿದು ಮೊದಲ ಕಂತನ್ನು ಹರಾಜಿಲ್ಲದೆ ಎತ್ತಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ಎರಡನೇ ತಿಂಗಳಿಂದ ಹರಾಜು. ಹಣ ತುರ್ತಾಗಿ ಬೇಕಾದವರು ಹೆಚ್ಚು ಬಿಟ್ಟುಕೊಟ್ಟು ಎತ್ತುತ್ತಾರೆ. ಬಿಟ್ಟ ಹಣದಲ್ಲಿ ಚೀಟಿಯ ಒಟ್ಟು ಮೊತ್ತದ ಶೇ. 5ರಷ್ಟು, ಅಂದರೆ 12,500 ರೂಪಾಯಿ, ಕಂಪನಿಯ ಕಮಿಷನ್. 1982ರ ಚಿಟ್ ಫಂಡ್ ಕಾಯ್ದೆಯಲ್ಲಿ ಇದಕ್ಕೆ ಶೇ. 5ರ ಮಿತಿಯಿತ್ತು, 2019ರ ತಿದ್ದುಪಡಿ ಅದನ್ನು ಶೇ. 7ಕ್ಕೆ ಏರಿಸಿತು, ಇವರ ಕರಾರಿನಲ್ಲಿ ಐದೇ ಇದೆ. ಉಳಿದದ್ದನ್ನು 25 ಜನರಿಗೂ ಸಮನಾಗಿ ಹಂಚಿ, ಆ ತಿಂಗಳ ಕಂತಿನಲ್ಲಿ ಕಳೆಯುತ್ತಾರೆ. ಇದೇ ಲಾಭಾಂಶ.

ಎರಡನೇ ತಿಂಗಳು ಒಬ್ಬರು 75,000 ಬಿಟ್ಟು ಎತ್ತಿದ್ದರು. ಕಮಿಷನ್ ಹೋಗಿ 62,500 ಉಳಿಯಿತು, ತಲಾ 2,500 ಬಂತು, ಆ ತಿಂಗಳು ಎಲ್ಲರೂ 7,500 ಕಟ್ಟಿದರೆ ಸಾಕಾಯಿತು. ಆಮೇಲೆ ಕೂಗು ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಬಂದಿದೆ. ಇದೇ ಇಳಿತ ಕೊನೆಯವರೆಗೂ ಸಾಗಿದರೆ ಒಬ್ಬ ಸದಸ್ಯನಿಗೆ ಸಿಗುವ ಒಟ್ಟು ಲಾಭಾಂಶ 30,000 ರೂಪಾಯಿ ಆಗುತ್ತದೆ.

ದಂಪತಿ ನಂಬಿದ್ದ ಲೆಕ್ಕ ಹೀಗಿತ್ತು: ಎರಡೂವರೆ ಲಕ್ಷ ಕಟ್ಟುತ್ತೇವೆ, ಎರಡೂವರೆ ಲಕ್ಷ ಬರುತ್ತದೆ, ಮೇಲೆ ಮೂವತ್ತು ಸಾವಿರ ಲಾಭ. ವಾಸ್ತವದಲ್ಲಿ ಅವರು ಕಟ್ಟುವುದು 2,20,000. ಕೊನೆಯ ತಿಂಗಳವರೆಗೆ ಕಾದರೂ ಕಮಿಷನ್ ತಪ್ಪುವುದಿಲ್ಲ, ಆದ್ದರಿಂದ ಸಿಗುವುದು 2,37,500. ಕಮಿಷನ್ ಮೇಲೆ ಶೇ. 18 ಜಿಎಸ್‌ಟಿ ಇದೆ; ಇವರ ಕಂಪನಿ ಆ 2,250 ರೂಪಾಯಿಯನ್ನು ಎತ್ತಿದವರಿಂದಲೇ ಹಿಡಿದುಕೊಳ್ಳುತ್ತದೆ. ಕೈಗೆ ಬರುವುದು 2,35,250. ನಿಜವಾದ ಗಳಿಕೆ 15,250.

ಇದನ್ನು ಶೇಕಡಾವಾರಿಗೆ ತಿರುಗಿಸಲು ಕಂಪ್ಯೂಟರ್ ಬೇಡ. ಮೊದಲ ಕಂತು 24 ತಿಂಗಳು ಚೀಟಿಯಲ್ಲಿ ಇರುತ್ತದೆ, ಕೊನೆಯ ಕಂತು ಒಂದು ದಿನವೂ ಇರುವುದಿಲ್ಲ. ಸರಾಸರಿಯಲ್ಲಿ ಪ್ರತಿ ರೂಪಾಯಿಯೂ ಒಂದು ವರ್ಷ ಇತ್ತು ಎಂದುಕೊಳ್ಳಿ. 2,20,000ಕ್ಕೆ ಒಂದು ವರ್ಷದಲ್ಲಿ 15,250 ಎಂದರೆ ಶೇ. 7ರ ಆಸುಪಾಸು. ತಿಂಗಳು ತಿಂಗಳಿನ ಲೆಕ್ಕ ಹಾಕಿ ನೋಡಿದರೂ ಉತ್ತರ ಹೆಚ್ಚು ಬದಲಾಗುವುದಿಲ್ಲ. ಅದೇ ಕಂತುಗಳನ್ನು ಅದೇ ದಿನಗಳಲ್ಲಿ ಶೇ. 6.5 ಕೊಡುವ ಬ್ಯಾಂಕಿನ ಆರ್‌ಡಿಯಲ್ಲಿ, ಅಂದರೆ ತಿಂಗಳ ಕಂತಿನ ಠೇವಣಿಯಲ್ಲಿ, ಇಟ್ಟಿದ್ದರೆ ಬಡ್ಡಿ ಸುಮಾರು 14,000 ಬರುತ್ತಿತ್ತು. ಕೊನೆಯವರೆಗೆ ಕಾದು ಕುಳಿತವನಿಗೆ ಚೀಟಿ ಕೊಟ್ಟದ್ದು ಆರ್‌ಡಿಗಿಂತ ಸಾವಿರ ರೂಪಾಯಿಯಷ್ಟೇ ಹೆಚ್ಚು. ಆರ್‌ಡಿ ಬಡ್ಡಿಗೆ ತೆರಿಗೆ ಉಂಟಲ್ಲ ಎಂದು ಗಂಡ ಕೇಳಿದರು. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ಈ ಮನೆಗೆ ಅದರ ಚಿಂತೆಯಿಲ್ಲ.

ಇನ್ನೊಂದು ಸೋರಿಕೆಯನ್ನು ಯಾರೂ ಬರೆದಿಡುವುದಿಲ್ಲ. ಲಾಭಾಂಶ ಬಂದ ತಿಂಗಳು 10,000ದ ಬದಲು 7,500 ಕಟ್ಟುತ್ತಾರೆ, ಉಳಿದ 2,500 ಮನೆಖರ್ಚಿನಲ್ಲಿ ಕರಗುತ್ತದೆ. ಈ ಮನೆಯಲ್ಲೂ ಹಾಗೆಯೇ ಆಗಿತ್ತು. "ತಿಂಗಳಿಗೆ ಹತ್ತು ಸಾವಿರ ಉಳಿಸುತ್ತೇವೆ" ಎಂದು ಅವರು ಹೇಳುತ್ತಿದ್ದರೂ ಸರಾಸರಿ ಉಳಿತಾಯ 8,800 ರೂಪಾಯಿ ಮಾತ್ರ.

ಹಾಗಾದರೆ ಎರಡನೇ ತಿಂಗಳು 75,000 ಬಿಟ್ಟು ಎತ್ತಿದವರ ಕತೆ ಏನು? ಮೊದಲ ತಿಂಗಳು ಅವರು 10,000 ಕಟ್ಟಿಯಾಗಿತ್ತು. ಕೈಗೆ 1,72,750 ಬಂತು, ಆ ತಿಂಗಳ ತಮ್ಮದೇ ಕಂತು 7,500 ಕಟ್ಟಬೇಕು, ಮುಂದಿನ 23 ತಿಂಗಳಲ್ಲಿ ಇನ್ನೂ 2,02,500 ಕಟ್ಟಬೇಕು. ಸಾಲವೆಂದು ನೋಡಿದರೆ ಇದರ ಬಡ್ಡಿ ವರ್ಷಕ್ಕೆ ಸುಮಾರು ಶೇ. 27 ಬೀಳುತ್ತದೆ. ಬೀರುವಿನಲ್ಲಿ ಬಂಗಾರವಿದ್ದ ಮನೆಯಾದರೆ ಬ್ಯಾಂಕಿನ ಚಿನ್ನದ ಸಾಲ ಅದರ ಅರ್ಧಕ್ಕಿಂತ ಕಡಿಮೆ ಬಡ್ಡಿಗೆ ಸಿಗುತ್ತಿತ್ತು. ಮೊದಲು ಎತ್ತಿದವನು ಶೇ. 27 ಕೊಡುತ್ತಾನೆ, ಕೊನೆಯಲ್ಲಿ ಎತ್ತಿದವನಿಗೆ ಶೇ. 7 ಸಿಗುತ್ತದೆ. ನಡುವಿನ ದೊಡ್ಡ ಪಾಲು ಪ್ರತಿ ತಿಂಗಳೂ ತಪ್ಪದೆ ಹೋಗುವ ಆ 12,500. ಕಂಪನಿ ಅದಕ್ಕೆ ವಸೂಲಿ, ಜಾಮೀನು, ಕಚೇರಿ ಎಲ್ಲವನ್ನೂ ನಿಭಾಯಿಸುತ್ತದೆ ಎಂಬುದೂ ನಿಜವೇ, ಸುಮ್ಮನೆ ತಿನ್ನುವುದಿಲ್ಲ. ಆದರೆ ಉಳಿಸುವುದಷ್ಟೇ ಉದ್ದೇಶವಾದವರು ಆ ಸೇವೆಗೆ ಏಕೆ ಹಣ ಕೊಡಬೇಕು ಎಂಬುದು ನನ್ನ ಪ್ರಶ್ನೆ.

ತುರ್ತಿಗೆ ಆಗುತ್ತದೆ ಎಂದು ಹೆಂಡತಿ ಹೇಳಿದರು. ಅಷ್ಟು ಸುಲಭವಾಗಿ ಆಗುವುದಿಲ್ಲ. ಹರಾಜು ತಿಂಗಳಿಗೊಮ್ಮೆ, ಅದರಲ್ಲಿ ಗೆಲ್ಲಬೇಕು, ಗೆದ್ದ ಮೇಲೆ ಸಂಬಳದ ಸ್ಲಿಪ್ ಇರುವ ಜಾಮೀನುದಾರರನ್ನು ಕರೆತರಬೇಕು, ಕಾಗದಪತ್ರ ಮುಗಿದ ಮೇಲೆ ಹಣ. ರಾತ್ರಿ ಹನ್ನೊಂದಕ್ಕೆ ಆಸ್ಪತ್ರೆಯವರು ಮುಂಗಡ ಕೇಳಿದರೆ ಚೀಟಿ ಪುಸ್ತಕ ತೋರಿಸಲು ಬರುವುದಿಲ್ಲ. ಬ್ಯಾಂಕಿನ ಆರ್‌ಡಿಯನ್ನು ಬಡ್ಡಿಯಲ್ಲಿ ಸ್ವಲ್ಪ ಕಡಿತ ಒಪ್ಪಿಕೊಂಡು ಅವಧಿಗೆ ಮೊದಲೇ ಮುರಿಸಬಹುದು. ಅಂಚೆ ಕಚೇರಿಯ ಆರ್‌ಡಿ ಬೇರೆ: ಅದು ಐದು ವರ್ಷದ್ದು, ಮೂರು ವರ್ಷ ತುಂಬುವ ಮೊದಲು ಮುಚ್ಚಲು ಬರುವುದಿಲ್ಲ, ಆಮೇಲೆ ಮುಚ್ಚಿದರೂ ಉಳಿತಾಯ ಖಾತೆಯ ಬಡ್ಡಿಯೇ ಸಿಗುತ್ತದೆ. ಒಂದು ವರ್ಷ ಕಟ್ಟಿದ ಮೇಲೆ ಜಮೆಯ ಅರ್ಧದವರೆಗೆ ಸಾಲ ಪಡೆಯಬಹುದು ಎಂಬುದಷ್ಟೇ ಸಮಾಧಾನ.

ಪುಸ್ತಕವಿಲ್ಲದ ಚೀಟಿ

ಎರಡನೆಯದು ಕೌಲ್ ಬಜಾರಿನಲ್ಲಿ ಜೀನ್ಸ್ ಹೊಲಿಗೆ ಘಟಕ ನಡೆಸುವ ಒಬ್ಬರ ಚೀಟಿ. ಇಪ್ಪತ್ತು ಜನ, ತಲಾ 10,000, ಎರಡು ಲಕ್ಷ. ಕಾಗದವಿಲ್ಲ, ಸಹಿಯಿಲ್ಲ. ಐದನೇ ತಾರೀಖು ಸಂಜೆ ಗುಂಪಿನಲ್ಲಿ ಕೂಗು, ಹತ್ತರೊಳಗೆ ಫೋನ್‌ಪೇ. ಕಮಿಷನ್ ಕಡಿಮೆ, ಜಿಎಸ್‌ಟಿ ಇಲ್ಲ, ಹೀಗಾಗಿ ಲಾಭಾಂಶ ಚೆನ್ನಾಗಿಯೇ ಬರುತ್ತಿತ್ತು. ಹೆಂಡತಿಗೆ ಅದರ ಮೇಲೆಯೇ ಹೆಚ್ಚು ಪ್ರೀತಿ.

ಒಂಬತ್ತನೇ ತಿಂಗಳು ಅವರು 30,000 ಬಿಟ್ಟು ಚೀಟಿ ಎತ್ತಿದ್ದರು. ಹಣದ ಅಗತ್ಯವೇನೂ ಇರಲಿಲ್ಲ. ಮತ್ತೇಕೆ ಎತ್ತಿದಿರಿ ಎಂದು ಕೇಳಿದಾಗ ಗಂಡ ಹೆಂಡತಿಯ ಮುಖ ನೋಡಿದರು. ಚೀಟಿಯವರು ಹೇಳಿದ್ದರಂತೆ: "ಅಕ್ಕಾ, ಅಷ್ಟು ಹಣ ಮನೆಗೆ ಒಯ್ದು ಏನು ಮಾಡುತ್ತೀರಿ? ನನ್ನ ಹತ್ತಿರವೇ ಇರಲಿ. ನೂರಕ್ಕೆ ಎರಡು ರೂಪಾಯಿ ಬಡ್ಡಿ ಕೊಡುತ್ತೇನೆ, ಅದರಲ್ಲೇ ನಿಮ್ಮ ಕಂತಿನ ಮೂರನೇ ಒಂದು ಪಾಲು ಬಂದುಬಿಡುತ್ತದೆ." 1,70,000ಕ್ಕೆ ತಿಂಗಳಿಗೆ 3,400 ನಾಲ್ಕು ತಿಂಗಳು ನಗದಾಗಿ ಬಂತು. ಐದನೇ ತಿಂಗಳು ಬರಲಿಲ್ಲ.

ನಮ್ಮ ಕಡೆ ಚೀಟಿ ಮುಳುಗುವ ದಾರಿಗಳಲ್ಲಿ ಇದು ತೀರಾ ಪರಿಚಿತವಾದದ್ದು. ಆ ಮಾತು ಒಪ್ಪಿದ ಕ್ಷಣಕ್ಕೆ ಅದು ಚೀಟಿಯಾಗಿ ಉಳಿಯಲಿಲ್ಲ, ಕೈಗಡವಾಯಿತು. ಚೀಟಿ ನಡೆಸುವವನಿಗೆ ಆ ತಿಂಗಳು ಎತ್ತಿದವರಿಗೆ ಹಣ ಕೊಡದೆಯೇ 1,70,000 ಉಳಿಯುತ್ತದೆ. ಇವರ ಚೀಟಿಯವರು ಅದನ್ನು ಬಟ್ಟೆ ತರಿಸಲು ಹಾಕಿದ್ದರು. ಮಾಲು ಕೊಂಡ ವ್ಯಾಪಾರಿಗಳಿಂದ ಬಾಕಿ ನಿಂತಾಗ ಚೀಟಿಯೂ ನಿಂತಿತು. ಮೋಸ ಮಾಡುವ ಉದ್ದೇಶ ಇತ್ತೋ ಇಲ್ಲವೋ, ಸದಸ್ಯರಿಗೆ ಪರಿಣಾಮ ಒಂದೇ.

ಹಿಂದಿನ ಸಂದೇಶಗಳನ್ನು ಗುಂಪಿನಲ್ಲಿ ಮೇಲಕ್ಕೆ ಸರಿಸುತ್ತಾ ಹೋದರೆ ಸೂಚನೆಗಳೆಲ್ಲ ಅಲ್ಲೇ ಇದ್ದವು. ಏಳನೇ ತಿಂಗಳಿಂದ ಹರಾಜು ಐದರಿಂದ ಹನ್ನೆರಡಕ್ಕೆ, ಆಮೇಲೆ ಇಪ್ಪತ್ತಕ್ಕೆ ಜಾರಿತ್ತು. ಎತ್ತಿದವರಿಗೆ ಹಣ ಎರಡು ಮೂರು ತುಂಡುಗಳಲ್ಲಿ ಹೋಗುತ್ತಿತ್ತು. ಮೊದಲ ಐದು ತಿಂಗಳಲ್ಲಿ ಮೂರು ಬಾರಿ ಎತ್ತಿದವರು ಚೀಟಿಯವರ ಮನೆಯವರೇ. ಇವರಿಗೆ ತಿಳಿಯದ ವಿಷಯ ಒಂದೂ ಇರಲಿಲ್ಲ, ಆದರೆ ಪ್ರತಿಯೊಂದಕ್ಕೂ ಆ ಹೊತ್ತಿಗೆ ಒಂದು ಒಳ್ಳೆಯ ಕಾರಣ ಸಿಕ್ಕಿತ್ತು.

ಸರ್ಕಾರದ ಪೂರ್ವಾನುಮತಿ ಇಲ್ಲದೆ ಚೀಟಿ ನಡೆಸುವುದು 1982ರ ಕಾಯ್ದೆಯಡಿ ಅಪರಾಧ. ಎರಡು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಅದರಿಂದ ಸದಸ್ಯರ ಹಣ ಬರುತ್ತದೆಯೇ ಎಂಬುದು ಬೇರೆ ಮಾತು. ನೋಂದಾಯಿತ ಚೀಟಿಯಲ್ಲಿ ತಗಾದೆ ಬಂದರೆ ಸಹಕಾರ ಇಲಾಖೆಯಲ್ಲಿರುವ ಚಿಟ್ ನಿಬಂಧಕರ ಮುಂದೆ ಹೋಗಬಹುದು, ಕಂಪನಿ ಒಂದು ಚೀಟಿ ಮೊತ್ತದಷ್ಟು ಹಣವನ್ನು ಗುಂಪು ಗುಂಪಿಗೂ ಪ್ರತ್ಯೇಕವಾಗಿ ಭದ್ರತೆಯಾಗಿ ಇಟ್ಟಿರಬೇಕು, ಪ್ರತಿ ಹರಾಜಿನ ನಡಾವಳಿಯ ಪ್ರತಿ ನಿಬಂಧಕರಿಗೆ ಹೋಗಬೇಕು. ಇಲ್ಲಿ ಅವು ಯಾವುವೂ ಇಲ್ಲ. ಇವರ ಕೈಯಲ್ಲಿ ಇದ್ದದ್ದು ಫೋನ್‌ಪೇ ದಾಖಲೆ ಮತ್ತು ಬಡ್ಡಿಯ ಬಗ್ಗೆ ಬಂದ ಎರಡು ಸಂದೇಶ. ಮುಂದಿನ ಏಳು ಕಂತುಗಳನ್ನು, ಅಂದರೆ ಸುಮಾರು 65,000 ರೂಪಾಯಿಯನ್ನು, ಕಟ್ಟದೆ ಹೊಂದಾಣಿಕೆ ಮಾಡಿಕೊಂಡು ಉಳಿದ 1,05,000ಕ್ಕೆ ಪ್ರಾಮಿಸರಿ ನೋಟು ಬರೆಸಿಕೊಂಡರು. ಇವರು ಕಟ್ಟದೆ ನಿಂತ ಹೊರೆ ಇನ್ನೂ ಎತ್ತದ ಸದಸ್ಯರ ಮೇಲೆ ಬೀಳುತ್ತದೆ ಎಂಬುದು ಹೆಂಡತಿಗೆ ಗೊತ್ತಿತ್ತು; ಆ ಗುಂಪಿನಲ್ಲಿ ಅವರ ಶಾಲೆಯವರೇ ಇಬ್ಬರಿದ್ದರು. ಅವರು ಆ ವಿಷಯ ಮಾತನಾಡಲು ಇಷ್ಟಪಡಲಿಲ್ಲ, ನಾನೂ ಕೆದಕಲಿಲ್ಲ.

ನೋಂದಣಿ ಇದೆ ಎಂದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆ ಎಂದೂ ಹೇಳಲಾರೆ. ಭದ್ರತಾ ಠೇವಣಿ ಒಂದು ಚೀಟಿಯ ಮೊತ್ತದಷ್ಟು ಮಾತ್ರ. ಮೊದಲ ಚೀಟಿಯಲ್ಲಿ ಹದಿಮೂರನೇ ತಿಂಗಳಿಗೆ ಇನ್ನೂ ಎತ್ತದ ಹನ್ನೆರಡು ಜನರು ಕಟ್ಟಿರುವುದು ಒಟ್ಟು ಸುಮಾರು 12 ಲಕ್ಷ ದಾಟುತ್ತದೆ. ಠೇವಣಿ ಎರಡೂವರೆ ಲಕ್ಷ. ಉಳಿದದ್ದು ನಿಂತಿರುವುದು ಎತ್ತಿದವರು ತಪ್ಪದೆ ಕಟ್ಟುತ್ತಾರೆ ಎಂಬುದರ ಮೇಲೆ. ಕಂಪನಿಗೆ ನೋಂದಣಿ ಇದ್ದರೆ ಸಾಲದು, ನಾವು ಸೇರುವ ಗುಂಪಿಗೇ ಅನುಮತಿ ಮತ್ತು ಆರಂಭ ಪ್ರಮಾಣಪತ್ರ ಇರಬೇಕು. ಇವರ ಪುಸ್ತಕದಲ್ಲಿ ಆ ಸಂಖ್ಯೆ ಇತ್ತು. ನಿಬಂಧಕರ ಕಚೇರಿಯಲ್ಲಿ ವಿಚಾರಿಸಿ ತಾಳೆ ನೋಡಿ ಬರಲು ಹೇಳಿದೆ, ನೋಡಿಕೊಂಡು ಬಂದರು.

ಮಗಳ ಎಂಟು ವರ್ಷ

ಇನ್ನು ಸಹೋದ್ಯೋಗಿಯ ಎಸ್‌ಐಪಿ ಸಲಹೆ. ಷೇರು ಎಂದರೆ ಜೂಜು ಎಂದು ಗಂಡನ ಭಾವನೆ. 2006ರ ಏಪ್ರಿಲ್ ನಂತರ ಕೆಲಸಕ್ಕೆ ಸೇರಿದವರಾದ್ದರಿಂದ ಅವರು ಎನ್‌ಪಿಎಸ್‌ನಲ್ಲಿದ್ದಾರೆ, ಅದರಲ್ಲಿ ಒಂದು ಸಣ್ಣ ಪಾಲು ಷೇರುಗಳಿಗೆ ಹೋಗುತ್ತದೆ ಎಂದಾಗ ಅವರಿಗೆ ಆಶ್ಚರ್ಯವಾಯಿತು.

ಮಗಳು ಪಿಯುಸಿ ಮುಗಿಸಲು ಎಂಟು ವರ್ಷಕ್ಕೂ ಮೇಲಿದೆ. ತಿಂಗಳಿಗೆ 8,000ದಂತೆ ಎಂಟು ವರ್ಷ ಕಟ್ಟಿದರೆ 7,68,000. ಶೇ. 7 ಸಿಕ್ಕರೆ ಅದು ಸುಮಾರು 10.3 ಲಕ್ಷ ಆಗುತ್ತದೆ. ಷೇರು ಪೇಟೆಯ ನಿಫ್ಟಿ 50 ಸೂಚ್ಯಂಕ ನಿಧಿಯಲ್ಲಿ ಶೇ. 11 ಸಿಕ್ಕಿತು ಎಂದು ಇಟ್ಟುಕೊಂಡರೆ ಸುಮಾರು 12.3 ಲಕ್ಷ. ಶೇ. 11 ಎಂಬುದು ನನ್ನ ಊಹೆ, ಯಾರ ಭರವಸೆಯೂ ಅಲ್ಲ. ವ್ಯತ್ಯಾಸ ಎರಡು ಲಕ್ಷ. ಮೊಬೈಲಿನಲ್ಲಿ ಕಾಣುವ ಕೋಟಿಗಳ ಲೆಕ್ಕ ಎಲ್ಲಿ ಹೋಯಿತು ಎಂದು ಗಂಡ ಕೇಳಿದರು. ಅದು ಅವಧಿಯಲ್ಲಿದೆ: ಇದೇ 8,000 ಹದಿನೈದು ವರ್ಷ ನಡೆದರೆ ಶೇ. 7ಕ್ಕೆ 25 ಲಕ್ಷದ ಚಿಲ್ಲರೆ, ಶೇ. 11ಕ್ಕೆ ಸುಮಾರು 37 ಲಕ್ಷ. ಎಂಟು ವರ್ಷಕ್ಕೆ ಷೇರಿನ ಲಾಭ ಇದೆ, ಆದರೆ ಎಲ್ಲವನ್ನೂ ಅಲ್ಲಿಗೇ ಸುರಿಯುವಷ್ಟು ದೊಡ್ಡದಲ್ಲ.

ಎರಡು ಮೂರು ವರ್ಷಕ್ಕೆ ಬೇಕಾದ ಹಣವನ್ನಂತೂ ಅಲ್ಲಿಗೆ ಒಯ್ಯಲೇಬಾರದು. 2020ರ ಜನವರಿಯಲ್ಲಿ 12,300ರ ಮೇಲಿದ್ದ ನಿಫ್ಟಿ ಮಾರ್ಚ್ 23ರಂದು 7,610ಕ್ಕೆ ಮುಕ್ತಾಯವಾಯಿತು. 2015ರಿಂದ ಐದು ವರ್ಷ ತಿಂಗಳು ತಪ್ಪದೆ ಕಟ್ಟಿದವನ ಖಾತೆಯಲ್ಲಿ ಅಂದು ಕಟ್ಟಿದ್ದಕ್ಕಿಂತ ಕಡಿಮೆ ಹಣವಿತ್ತು. ಅದೇ ವರ್ಷದ ಕೊನೆಗೆ ಸೂಚ್ಯಂಕ 13,900 ದಾಟಿತ್ತು ಎಂಬುದು ಕಾಯಲು ಸಾಧ್ಯವಿದ್ದವನಿಗೆ ಸಮಾಧಾನ. ಆ ಏಪ್ರಿಲ್‌ನಲ್ಲೇ ಕಾಲೇಜಿನ ಶುಲ್ಕ ಕಟ್ಟಬೇಕಿದ್ದ ತಂದೆಗೆ ಅದರಿಂದ ಏನು ಬಂತು? ಚೀಟಿಯಲ್ಲಿ ಅಪಾಯ ವ್ಯಕ್ತಿಯದು, ಷೇರಿನಲ್ಲಿ ದಿನಾಂಕದ್ದು. ಎರಡನೆಯದಕ್ಕೆ ಮೊದಲೇ ತಯಾರಾಗಲು ಬರುತ್ತದೆ.

ತಯಾರಿ ಹೀಗೆ ಆಯಿತು. ಮಗಳು ಒಂಬತ್ತನೇ ತರಗತಿ ಮುಗಿಸುವವರೆಗೆ ನಿಧಿಯಲ್ಲಿ ಕಟ್ಟುವುದು. ಅಲ್ಲಿಂದ ಹೊಸ ಕಂತುಗಳನ್ನು ಆರ್‌ಡಿಗೆ ತಿರುಗಿಸಿ, ನಿಧಿಯಲ್ಲಿರುವುದನ್ನೂ ಪ್ರತಿ ವರ್ಷ ಒಂದು ಪಾಲಿನಂತೆ ಹೊರತೆಗೆಯುವುದು, ಪೇಟೆ ಏರುತ್ತಿದ್ದರೂ ಸರಿ. ಇದಕ್ಕೆ ಇನ್ನೊಂದು ಅನುಕೂಲವೂ ಇದೆ: ಒಂದು ಆರ್ಥಿಕ ವರ್ಷದಲ್ಲಿ ಷೇರು ನಿಧಿಯ ದೀರ್ಘಾವಧಿ ಲಾಭ 1,25,000ದವರೆಗೆ ತೆರಿಗೆಯಿಲ್ಲ, ಅದರ ಮೇಲೆ ಶೇ. 12.5. ಒಮ್ಮೆಲೇ ತೆಗೆದರೆ ಆ ವಿನಾಯಿತಿ ಒಂದು ಸಲ ಸಿಗುತ್ತದೆ, ಹಂಚಿ ತೆಗೆದರೆ ಪ್ರತಿ ವರ್ಷ.

ಎಸ್‌ಐಪಿಯ ಮೇಲೆ ಹೆಂಡತಿಯ ಆಕ್ಷೇಪ ಬೇರೆಯೇ ಇತ್ತು, ನನಗೆ ಅದು ಸರಿಯೆನಿಸಿತು. "ಚೀಟಿಯನ್ನು ಕಟ್ಟದಿದ್ದರೆ ನಾಲ್ಕು ಜನ ಕೇಳುತ್ತಾರೆ. ಇದನ್ನು ಇವರು ಮೊಬೈಲಿನಲ್ಲಿ ಒಂದು ಗುಂಡಿ ಒತ್ತಿ ನಿಲ್ಲಿಸಿಬಿಡಬಹುದು" ಎಂದರು. ಮೊದಲ ಕುಸಿತದಲ್ಲೇ ಗಂಡ ನಿಲ್ಲಿಸುತ್ತಾರೆ ಎಂಬುದು ಅವರ ಅನುಮಾನ. ಖಾತೆ ಹೆಂಡತಿಯ ಹೆಸರಿನಲ್ಲೇ ಇರಲಿ ಎಂದೆ. ಈಗ 4,000ದ ಎಸ್‌ಐಪಿ ಅವರ ಖಾತೆಯಿಂದ ಹೋಗುತ್ತದೆ, ದಲ್ಲಾಳಿಯಿಲ್ಲದ ಡೈರೆಕ್ಟ್ ಪ್ಲಾನ್, ಸಂಬಳ ಬಂದ ಮೂರನೇ ದಿನಕ್ಕೆ. ಖಾತೆಯಲ್ಲಿ ಹಣವಿಲ್ಲದೆ ಕಂತು ವಾಪಸಾದರೆ ನಿಧಿಯವರು ದಂಡ ಹಾಕುವುದಿಲ್ಲ, ಬ್ಯಾಂಕು ಹಾಕುತ್ತದೆ.

ಎರಡನೇ ಚೀಟಿಯಿಂದ ಬಿಡುಗಡೆಯಾದ ಹತ್ತು ಸಾವಿರದಲ್ಲಿ ಉಳಿದ 6,000 ಬ್ಯಾಂಕಿನ ಆರ್‌ಡಿಗೆ ಹೋಗುತ್ತಿದೆ, ಆಸ್ಪತ್ರೆಯಂಥ ಖರ್ಚಿಗೆಂದು. ನೋಂದಾಯಿತ ಚೀಟಿಯನ್ನು ನಡುವೆ ಬಿಡಲಿಲ್ಲ. ಬಿಟ್ಟವರಿಗೆ ಕಡಿತ ಬೀಳುತ್ತದೆ, ಹಣವೂ ಕೂಡಲೇ ಬರುವುದಿಲ್ಲ. ಕೊನೆಯವರೆಗೆ ಕಟ್ಟಿ, ಬರುವ 2,35,250ನ್ನು ನಿಶ್ಚಿತ ಠೇವಣಿಯಲ್ಲಿ ಇಡುತ್ತಾರೆ. ಆಮೇಲೆ ಎಸ್‌ಐಪಿ 8,000ಕ್ಕೆ ಏರುತ್ತದೆ, ಉಳಿದದ್ದು ಆರ್‌ಡಿಗೆ. ಹೊಸ ಚೀಟಿಗೆ ಸೇರುವುದಿಲ್ಲ ಎಂದು ಹೆಂಡತಿ ಹೇಳಿಲ್ಲ. ತಂಗಿಯ ಮದುವೆಗೆ ಹಣ ಬೇಕಾದರೆ ನೋಡೋಣ ಎಂದಿದ್ದಾರೆ.

ಮಾತು ಮುಗಿಯುವ ಹೊತ್ತಿಗೆ ಗಂಡ ಇನ್ನೊಂದು ಕಾಗದ ತೆಗೆದರು. ಅದೇ ಕಂಪನಿಯ ಐದು ಲಕ್ಷದ ಬೇರೊಂದು ಚೀಟಿಯನ್ನು ಎತ್ತಿದ ಸಹೋದ್ಯೋಗಿಗೆ ಅವರು ಜಾಮೀನು ಹಾಕಿದ್ದರು. ಎಸ್‌ಐಪಿ ಸಲಹೆ ಕೊಟ್ಟವರೇ ಅವರು. ಸರ್ಕಾರಿ ನೌಕರರ ಸಹಿಗೆ ಚೀಟಿ ಕಂಪನಿಗಳಲ್ಲಿ ಬೆಲೆ ಹೆಚ್ಚು, ಏಕೆಂದರೆ ಬಾಕಿಗೆ ಆದೇಶವಾದರೆ ಸಂಬಳದಿಂದಲೇ ವಸೂಲಿ ಮಾಡಬಹುದು. ಆ ಚೀಟಿಗೆ ಇನ್ನೂ ಹದಿನೆಂಟು ಕಂತು ಬಾಕಿ ಇದೆ, ಪ್ರತಿ ಕಂತು 20,000ದ ಹತ್ತಿರ. ಈ ಮನೆಯ ಎರಡು ಚೀಟಿಗಳಿಗಿಂತ ದೊಡ್ಡ ಹೊಣೆ ಯಾವ ಪುಸ್ತಕದಲ್ಲೂ ಇಲ್ಲದೆ ಕುಳಿತಿತ್ತು. ಜಾಮೀನನ್ನು ಈಗ ಹಿಂತೆಗೆದುಕೊಳ್ಳಲು ಬರುವುದಿಲ್ಲ. ಸಹೋದ್ಯೋಗಿ ಪ್ರತಿ ತಿಂಗಳು ಕಂತು ಕಟ್ಟಿದ ರಸೀದಿಯ ಚಿತ್ರವನ್ನು ಕಳುಹಿಸಬೇಕು ಎಂದು ಕೇಳಲು ಹೇಳಿದೆ. ಕೇಳಲು ಸಂಕೋಚವಾಗುತ್ತದೆ ಎಂದರು. ಹಾಗಿದ್ದರೆ ಜಾಮೀನುದಾರರಾಗಿ ನೀವೇ ಕಂಪನಿಯ ಕಚೇರಿಗೆ ಹೋಗಿ ಬಾಕಿ ಇದೆಯೇ ಎಂದು ವಿಚಾರಿಸಿ ಎಂದೆ. ಕಳೆದ ವಾರ ಹೋಗಿ ಬಂದಿದ್ದಾರೆ. ಎರಡು ಕಂತು ಬಾಕಿ ಇತ್ತು.